ಪರದೆಯ ಅಂಚು ಅಲುಗುವ ಹೊತ್ತು

ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡು, ಜಾಹೀರಾತಿನ ಚಿತ್ರೀಕರಣ. ಹಸಿ ಬಣ್ಣ, ಪ್ಲೈವುಡ್ಡು, ಕಾದ ಲೈಟು ಎಲ್ಲ ಸೇರಿದ ಒಂದು ಘಾಟು ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ. ಒಳಗೆ ಮೂರೇ ಗೋಡೆಯ ಒಂದು ಕೋಣೆ: ಆರಡಿ ಮಂಚ, ಕಿಟಕಿಗೆ ತೆಳು ಪರದೆ, ಟೀಪಾಯಿಯ ಮೇಲೆ ಕನ್ನಡಕ ಹೇರಿಕೊಂಡ ದಿನಪತ್ರಿಕೆ. ಮೇಲೆ, ಅಡ್ಡ ಪೈಪಿಗೆ ಕಚ್ಚಿಸಿದ ಹೊಸ ಫ್ಯಾನು.

ಕ್ಯಾಮೆರಾ ಎತ್ತರದ ಟ್ರಾಲಿಯ ಮೇಲೆ, ಫ್ಯಾನಿಗೆ ತೀರ ಹತ್ತಿರ ಕೂತಿದೆ. ಮಾನಿಟರಿನಲ್ಲಿ ರೆಕ್ಕೆಗಳು ಮಂಚವನ್ನೇ ನುಂಗಿದಂತೆ ಚಾಚಿವೆ. ತುದಿಯಿಂದ ತುದಿಗೆ ನಾಲ್ಕಡಿ ಇರುವ ಫ್ಯಾನು ಆರಡಿ ಮಂಚವನ್ನು ಮುಚ್ಚುವುದುಂಟೆ? ಟ್ರಾಲಿ ಹಿಂದೆ ಸರಿಯುತ್ತದೆ, ಉದ್ದನೆಯ ಲೆನ್ಸು ಬರುತ್ತದೆ, ಫ್ಯಾನು ತನ್ನ ಅಳತೆಗೆ ಇಳಿಯುತ್ತದೆ.

ಸ್ವಿಚ್ಚು ಹಾಕಿದರೆ ಹೊಸ ತಕರಾರು. ‘ಸರ್, ಹಿಂದಕ್ಕೆ ತಿರುಗ್ತಿದೆ’ ಎನ್ನುತ್ತಾನೆ ಮಾನಿಟರಿನ ಮುಂದಿನ ಹುಡುಗ. ತಲೆ ಎತ್ತಿದರೆ ಸರಿಯಾಗಿಯೇ ತಿರುಗುತ್ತಿದೆ! ನಿಮಿಷಕ್ಕೆ 360 ಸುತ್ತು ಹೊಡೆಯುವ ಫ್ಯಾನನ್ನು ಸೆಕೆಂಡಿಗೆ 24 ಚಿತ್ರ ಹಿಡಿದರೆ, ಒಂದು ಚಿತ್ರದಿಂದ ಮುಂದಿನದಕ್ಕೆ ರೆಕ್ಕೆ ಕಾಲು ಸುತ್ತು ಸಾಗಿರುತ್ತದೆ. ಮೂರೂ ರೆಕ್ಕೆ ಒಂದೇ ತರ, ನಡುವಿನ ಅಂತರ ಮೂರನೇ ಒಂದು ಸುತ್ತು. ಹಾಗಾಗಿ ಹಿಂದಿನ ರೆಕ್ಕೆ ಮುಂದಿನದರ ಜಾಗಕ್ಕೆ ತುಸು ಮೊದಲೇ ನಿಂತಂತಾಗಿ, ಮೊದಲಿನ ರೆಕ್ಕೆಯೇ ಹಿಂದೆ ಸರಿಯಿತೆಂದು ಕಣ್ಣು ಮೋಸಹೋಗುತ್ತದೆ. ಈ ಲೆಕ್ಕಕ್ಕೆ 240 ಸುತ್ತಿಗಿಂತ ಕೆಳಗಿಳಿದರೆ ಮುಂದಕ್ಕೆ ತಿರುಗಿದಂತೆ ಕಾಣುತ್ತದೆ. ರೆಗ್ಯುಲೇಟರು ತಿರುವಿ 180ಕ್ಕೆ ತರುತ್ತಾರೆ.

ಈಗ ಚಿತ್ರ ಸರಿಹೋಯಿತು, ಗಾಳಿ ಹೋಯಿತು. ಪರದೆ ಸುಮ್ಮನೆ ಜೋತುಬಿದ್ದಿದೆ.

ಒಬ್ಬ ಹುಡುಗ ಪೆಡಸ್ಟಲ್ ಫ್ಯಾನು ತಂದು ಪಕ್ಕದಲ್ಲಿಡುತ್ತಾನೆ. ಪರದೆ ಹಡಗಿನ ಹಾಯಿಯಂತೆ ಅಡ್ಡಕ್ಕೆ ಉಬ್ಬುತ್ತದೆ. ಚೆಂದವೇ, ಆದರೆ ಅದು ಕಡಲ ಗಾಳಿ! ಮೇಲಿನ ಫ್ಯಾನಿನ ಗಾಳಿ ನೆಲಕ್ಕೆ ಬಿದ್ದು, ಸುತ್ತ ಹರಡಿ ಗೋಡೆ ಮುಟ್ಟುತ್ತದೆ. ಪರದೆಯ ಕೆಳಗಿನ ಅಂಚಷ್ಟೇ ಗೋಡೆಯ ಕಡೆ ಒತ್ತಿ ಅಲುಗಬೇಕು. ಪತ್ರಿಕೆಯ ಒಂದು ಮೂಲೆ ಎದ್ದು ಕೂರಬೇಕು. ಪೆಡಸ್ಟಲ್ ಫ್ಯಾನು ಅಟ್ಟಣಿಗೆ ಏರಿ ಕೆಳಮುಖವಾಗುತ್ತದೆ. ಪರದೆಯ ಅಂಚಿಗೆ ಕಾಣದ ನೈಲಾನ್ ದಾರ, ಅದರ ಇನ್ನೊಂದು ತುದಿ ಮಂಚದ ಮರೆಯಲ್ಲಿ ಅಂಗಾತ ಮಲಗಿದವನ ಕೈಯಲ್ಲಿ.

ಪಕ್ಕದ ಸೆಟ್ಟಿನಲ್ಲಿ ಏಸಿ ಸರದಿ. ಗಾಳಿಯನ್ನು ತೋರಿಸುವ ನೀಲಿ ಪಟ್ಟಿಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬರೆಯುತ್ತಾರಂತೆ. ತಂಪು ಗಾಳಿ ಭಾರ. ಸೂರಿನುದ್ದಕ್ಕೆ ಸಾಗಿ ಕೊನೆಗೆ ಕೆಳಗಿಳಿಯಬೇಕೇ ಹೊರತು ಮೇಲಕ್ಕೇರುವ ಹಾಗಿಲ್ಲ. ಮೂಲೆಯಲ್ಲಿ ವಾಟರ್ ಪ್ಯೂರಿಫೈಯರ್ ಕಾಯುತ್ತಿದೆ, ಪಕ್ಕದಲ್ಲಿ ಅಳತೆಗೆಂದು ಇಟ್ಟ ಸ್ಟೀಲ್ ಲೋಟ. ಲೋಟ ದೊಡ್ಡದಾದರೆ ಯಂತ್ರ ಆಟಿಕೆಯಾಗುತ್ತದೆ.

‘ರೋಲ್’ ಎನ್ನುವ ಕೂಗು. ಮಂಚದ ಹಿಂದಿನ ಕೈ ಮೆಲ್ಲಗೆ ದಾರ ಎಳೆಯುತ್ತದೆ. ಪರದೆಯ ಅಂಚು ಬೆರಳಷ್ಟು ಎದ್ದು, ಮತ್ತೆ ಗೋಡೆಗೆ ಒರಗುತ್ತದೆ.