ಕಸ್ಟರ್ಡ್ ಹೊರಗಿಟ್ಟ ಹೊತ್ತು ಲೆಕ್ಕದಲ್ಲಿರಲಿ

ಮೇ ತಿಂಗಳ ಮುಂಬಯಿ ಸೆಕೆ. ಆರತಕ್ಷತೆಯ ಫ್ರೂಟ್ ಕಸ್ಟರ್ಡ್ 7 ಗಂಟೆಗೇ ಕೌಂಟರಿಗೆ ಬರುತ್ತದೆ. ಅತಿಥಿಗಳು ಊಟಕ್ಕೆ ಏಳುವುದು 9.30ಕ್ಕೆ. ಅಪಾಯವಿರುವುದು ಈ ಎರಡೂವರೆ ಗಂಟೆಯಲ್ಲೇ.

ಕ್ರೀಮ್ ಕೇಕ್, ಕಸ್ಟರ್ಡ್, ರಸಮಲಾಯಿಗಳಲ್ಲಿ ಹಾಲು, ನೀರಿನಂಶ ಹೆಚ್ಚು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇವುಗಳಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಆದ್ದರಿಂದ ಹೊರಗಿಡುವ ಮಿತಿ 2 ಗಂಟೆ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಟೆಂಪೋದಲ್ಲಿ ಐಸ್ ಇಲ್ಲದೆ ಕಳೆದ ಹೊತ್ತೂ ಇದರಲ್ಲೇ ಸೇರುತ್ತದೆ.

ಕೆಲಸದವರ ಕೈಯಿಂದ ಸೇರುವ ಸ್ಟೆಫೈಲೊಕಾಕಸ್ ರೋಗಾಣು ಬಿಡುವ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಮತ್ತೆ ಕುದಿಸಿದರೂ ಅದು ಹೋಗದು. "ರುಚಿ ನೋಡಿದೆ, ಸರಿಯಾಗಿದೆ" ಎಂಬ ಭಟ್ಟರ ಮಾತನ್ನು ನಂಬಿ ಬಡಿಸಿದರೆ ಕೆಲವೇ ಗಂಟೆಗಳಲ್ಲಿ ಅತಿಥಿಗಳಿಗೆ ವಾಂತಿ ಶುರುವಾಗಬಹುದು.

20 ಲೀಟರ್ ಕಸ್ಟರ್ಡ್ ಇದ್ದರೆ 5 ಲೀಟರಿನ ನಾಲ್ಕು ಪಾತ್ರೆಗಳಲ್ಲಿ ಹಂಚಿ, ಐಸ್ ಪೆಟ್ಟಿಗೆಯಲ್ಲಿಡಿ. ಊಟ ಶುರುವಾದಾಗ ಒಂದನ್ನೇ ಹೊರತೆಗೆದು, ಐಸ್ ತುಂಬಿದ ಟ್ರೇಯಲ್ಲಿಟ್ಟು, ತೆಗೆದ ಸಮಯದ ಚೀಟಿ ಅಂಟಿಸಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಕೌಂಟರಿನಲ್ಲಿ ಉಳಿದದ್ದನ್ನು ಚೆಲ್ಲಿ. ಪಾರ್ಟಿಯವರು ಕೇಳಿದರೂ ಕಟ್ಟಿಕೊಡಬೇಡಿ. ಮನೆಗೆ ಒಯ್ಯಲು ನೀರಿನಂಶ ಕಡಿಮೆಯಿರುವ ಮೈಸೂರುಪಾಕ್ ಕೊಡಿ.