ಒಂದು ಸ್ಕ್ರೀನ್, ಒಂದು ಕೋರಿಕೆ

ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದರೆ ನಮ್ಮ ಯಡೂರಿನ ರೈತರಿಗೆ ದಂಡೆಯ ಮೋಟರ್ ಮೇಲೆ ತರುವುದೇ ಚಿಂತೆ. ರಾತ್ರಿ ನೀರು ಬಂದರೆ ಮೋಟರ್ ಮುಳುಗಿಯೇ ಹೋಗುತ್ತದೆ. ಹಾಗಾಗಿ ನೀರು ಹತ್ತಿರ ಬಂದಕೂಡಲೇ ರೈತರ ಫೋನಿಗೆ ಕರೆ ಮಾಡುವ ಸಾಧನವೊಂದನ್ನು ನಾನು ಮತ್ತು ಇಬ್ಬರು ಗೆಳೆಯರು ತಯಾರಿಸಿದ್ದೇವೆ. ಈಗ ಬೇಕಿರುವುದು ಹಣ. ಪರಿಚಯವೇ ಇಲ್ಲದ ಹೂಡಿಕೆದಾರರಿಗೆ ಇದೇ ವಾರ ಮೇಲ್ ಕಳಿಸುತ್ತಿದ್ದೇವೆ. ಅದರ ಕನ್ನಡ ರೂಪ ಇಲ್ಲಿದೆ:

‘ನಮಸ್ಕಾರ ಸರ್. ನದಿ ನೀರು ಮೋಟರ್ ಮುಟ್ಟುವ ಮೊದಲೇ ರೈತರಿಗೆ ಕರೆ ಮಾಡುವ ಸಾಧನ ಮಾಡಿದ್ದೇವೆ. ಈ ಮಳೆಗಾಲದಲ್ಲಿ 14 ಕಡೆ ಅಳವಡಿಸಿದೆವು. 9 ರೈತರು ತಲಾ 2,500 ರೂಪಾಯಿ ಕೊಟ್ಟು ಕೊಂಡರು. ಒಂದಕ್ಕೆ ನಮ್ಮ ಖರ್ಚು 1,600 ರೂಪಾಯಿ. ಮುಂದಿನ ಜೂನ್ ಒಳಗೆ 300 ಸಾಧನ ತಯಾರಿಸಿ ಅಳವಡಿಸಲು 8 ಲಕ್ಷ ರೂಪಾಯಿ ಹೂಡಿಕೆ ಬೇಕು. ನೀವು ಕೃಷಿ ಉಪಕರಣದ ಕಂಪನಿಗಳಲ್ಲಿ ಹಣ ಹೂಡಿದ್ದೀರೆಂದು ನಿಮಗೆ ಬರೆಯುತ್ತಿದ್ದೇನೆ. ಬುಧವಾರ ಅಥವಾ ಗುರುವಾರ ಫೋನಿನಲ್ಲಿ 20 ನಿಮಿಷ ಸಿಗಬಹುದೇ?’

ಇದು ಫೋನಿನ ಒಂದೇ ಸ್ಕ್ರೀನಿನಲ್ಲಿ ಮುಗಿಯುತ್ತದೆ. ಪರೀಕ್ಷೆ ಸುಲಭ: ಮೊದಲು ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆಯಿರಿ. ಕೋರಿಕೆ ಕಾಣಲು ಬೆರಳಿನಿಂದ ಮೇಲೆ ಸರಿಸಬೇಕಾದರೆ ಮೇಲ್ ಉದ್ದವಾಗಿದೆ ಎಂದರ್ಥ. ಆಗ ಕತ್ತರಿಸಬೇಕಾದುದು ಕಾಲೇಜು, ಬಹುಮಾನ, ಕನಸುಗಳ ವಿವರವನ್ನು, ಕೋರಿಕೆಯನ್ನಲ್ಲ.

ಕೋರಿಕೆಯಲ್ಲಿ ಎರಡು ಭಾಗಗಳಿವೆ. 8 ಲಕ್ಷ ದೊಡ್ಡ ಕೋರಿಕೆ, 20 ನಿಮಿಷ ಸಣ್ಣದು. ಮೊದಲನೆಯದು ಇಲ್ಲದಿದ್ದರೆ ಇದು ತಮ್ಮ ಕೈಗೆಟಕುವ ವ್ಯವಹಾರವೇ ಎಂಬುದು ಅವರಿಗೆ ತಿಳಿಯದು. ಎರಡನೆಯದು ಇಲ್ಲದಿದ್ದರೆ ಓದಿದ ಮೇಲೆ ಏನು ಮಾಡಬೇಕೆಂಬುದು ತಿಳಿಯದು. ‘ತಮ್ಮ ಮಾರ್ಗದರ್ಶನ ಹಾಗೂ ಸಹಕಾರ ಕೋರುತ್ತೇವೆ’ ಎಂಬ ಸಾಲಿಗೆ ಹೌದು ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಹಣದ ಅಂಕಿಯ ಹಿಂದೆ ಲೆಕ್ಕವೂ ಇರಬೇಕು. 300 ಸಾಧನಕ್ಕೆ 4.8 ಲಕ್ಷ, ಉಳಿದ 3.2 ಲಕ್ಷ ಅಳವಡಿಕೆ, ಓಡಾಟ, ರಿಪೇರಿಗೆ. ಇದು ಮೇಲ್‌ನಲ್ಲಿ ಬೇಡ, ಆದರೆ ಫೋನ್ ಕರೆಯ ಮೊದಲ ಪ್ರಶ್ನೆಯೇ ಅದಾಗಬಹುದು. ಎಷ್ಟು ಪಾಲು ಕೊಡುತ್ತೇವೆ ಎಂಬ ಮಾತನ್ನೂ ಕರೆಗೇ ಬಿಟ್ಟಿದ್ದೇವೆ.

ಸ್ಪಷ್ಟ ಕೋರಿಕೆ ಇದ್ದರೂ ಹಣ ಸಿಗುತ್ತದೆಂಬ ಖಾತರಿಯಿಲ್ಲ. 2008ರಲ್ಲಿ ಏರ್‌ಬಿಎನ್‌ಬಿ ಸ್ಥಾಪಕರು 1.5 ಲಕ್ಷ ಡಾಲರ್‌ಗೆ ಶೇ 10ರಷ್ಟು ಪಾಲು ಕೊಡಲು ಮುಂದಾಗಿದ್ದರು. ಪರಿಚಿತರೊಬ್ಬರ ಮೂಲಕವೇ ಏಳು ಹೂಡಿಕೆದಾರರನ್ನು ಸಂಪರ್ಕಿಸಿದರೂ ಐವರು ಒಲ್ಲೆ ಎಂದರು, ಇಬ್ಬರು ಉತ್ತರಿಸಲೇ ಇಲ್ಲ. ಸಹಸ್ಥಾಪಕ ಬ್ರಯಾನ್ ಚೆಸ್ಕಿ ಆ ಉತ್ತರಗಳನ್ನು 2015ರಲ್ಲಿ ಪ್ರಕಟಿಸಿದರು. ಮಾರುಕಟ್ಟೆ ಸಣ್ಣದು, ಇದು ನಮ್ಮ ಕ್ಷೇತ್ರವಲ್ಲ ಎಂಬಂಥ ಕಾರಣಗಳು ಅವುಗಳಲ್ಲಿವೆ. ಸ್ಪಷ್ಟವಾಗಿ ಕೇಳಿದ್ದರ ಲಾಭ ಇದೇ: ‘ಇಲ್ಲ’ ಎಂಬುದೂ ಸ್ಪಷ್ಟವಾಗಿ, ಬೇಗ ಬರುತ್ತದೆ.

ಉತ್ತರ ಬಾರದಿದ್ದರೆ ವಾರದ ನಂತರ ಒಂದೇ ಒಂದು ಸಲ ನೆನಪಿಸುತ್ತೇವೆ. ಆಗ ‘ನನ್ನ ಮೇಲ್ ನೋಡಿದಿರಾ’ ಎಂದಷ್ಟೇ ಕೇಳುವುದಿಲ್ಲ. ಹತ್ತನೆಯ ರೈತರು ಕೊಂಡಿದ್ದರೆ ಅದನ್ನು ಬರೆಯುತ್ತೇವೆ. ಕೊಳ್ಳದಿದ್ದರೆ, ಮೇಲ್‌ಗಿಂತ ಮೊದಲು ನದಿ ದಂಡೆಗೆ ಹೋಗಬೇಕು.