ಖರ್ಚು ಏರಿದರೂ ಕದಲದ ಬೆಲೆ

1930ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞರ ತಂಡವೊಂದು 38 ಉದ್ಯಮಿಗಳನ್ನು ಒಬ್ಬೊಬ್ಬರಾಗಿ ಕಂಡು, ಸರಕಿಗೆ ನೀವು ಬೆಲೆ ಕಟ್ಟುವುದು ಹೇಗೆ ಎಂದು ವಿಚಾರಿಸಿತು. ಪಠ್ಯಪುಸ್ತಕ ಹೇಳುವ ಲೆಕ್ಕವನ್ನು ಹೆಚ್ಚಿನವರು ಮಾಡುತ್ತಲೇ ಇರಲಿಲ್ಲ. ತಗಲುವ ಖರ್ಚಿನ ಮೇಲೆ ಇಷ್ಟು ಲಾಭ ಎಂದು ಸೇರಿಸಿ ಬೆಲೆ ಇಡುತ್ತಿದ್ದರು. ಒಮ್ಮೆ ಇಟ್ಟ ಬೆಲೆಯನ್ನು ಮುಟ್ಟಲು ಹಿಂಜರಿಯುತ್ತಿದ್ದರು. ನಾವು ಏರಿಸಿದರೆ ಪೈಪೋಟಿಯವರು ಏರಿಸುವುದಿಲ್ಲ, ಗಿರಾಕಿಗಳು ಅತ್ತ ಹೋಗುತ್ತಾರೆ. ಇಳಿಸಿದರೆ ಅವರೂ ಇಳಿಸುತ್ತಾರೆ, ನಮಗೆ ದಕ್ಕುವುದು ಏನೂ ಇಲ್ಲ. ಹಿಂಜರಿಕೆಗೆ ಅವರು ಕೊಟ್ಟ ಕಾರಣಗಳ ತಿರುಳು ಇದು.

ಆ ವಿಚಾರಣೆಯ ಫಲವನ್ನು ಹಾಲ್ ಮತ್ತು ಹಿಚ್ ಎಂಬಿಬ್ಬರು 1939ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪಾಲ್ ಸ್ವೀಜಿ ಎಂಬ ಅರ್ಥಶಾಸ್ತ್ರಜ್ಞ ತನ್ನದೇ ದಾರಿಯಲ್ಲಿ ಇದೇ ಚಿತ್ರವನ್ನು ಬರೆದಿದ್ದ. ಕೆಲವೇ ಮಾರಾಟಗಾರರು ಮಾರುಕಟ್ಟೆಯನ್ನು ಹಂಚಿಕೊಂಡಿರುವ ಸ್ಥಿತಿಗೆ ಅಲ್ಪಸ್ವಾಮ್ಯ ಎನ್ನುತ್ತಾರೆ. ಅಲ್ಲಿ ಒಬ್ಬೊಬ್ಬ ಮಾರಾಟಗಾರನ ಬೇಡಿಕೆಯ ರೇಖೆ ನೇರವಾಗಿ ಇಳಿಯದೆ, ಈಗಿನ ಬೆಲೆಯ ಜಾಗದಲ್ಲಿ ಕೊಂಕುತ್ತದೆ ಎಂಬುದು ಅವರ ವಾದ. ಹಾಗಾಗಿ ಅದಕ್ಕೆ ಕೊಂಕು ರೇಖೆ ಎನ್ನೋಣ.

ರೇಖೆಯನ್ನು ಬದಿಗಿಟ್ಟು ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಒಂದು ಬಡಾವಣೆಗೆ ಮೂವರು ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಮೂವರದ್ದೂ 40 ರೂಪಾಯಿ. ನಾವು ನೋಡುವ ಮಾರಾಟಗಾರ ದಿನಕ್ಕೆ 200 ಕ್ಯಾನ್ ಮಾರುತ್ತಾನೆ. ನೀರು, ಶುದ್ಧೀಕರಣದ ಕರೆಂಟು, ಮುಚ್ಚಳ, ಸೀಲು, ಆಟೋ ಬಾಡಿಗೆ, ಹುಡುಗನಿಗೆ ಕ್ಯಾನ್ ಲೆಕ್ಕದಲ್ಲಿ ಕೊಡುವ ಕೂಲಿ ಎಲ್ಲ ಸೇರಿ ಇನ್ನೊಂದು ಕ್ಯಾನ್ ಹಾಕಲು ಅವನಿಗೆ ತಗಲುವುದು 20 ರೂಪಾಯಿ. ಈ ಇನ್ನೊಂದರ ಖರ್ಚೇ ಸೀಮಾಂತ ವೆಚ್ಚ. ಅಂಗಡಿ ಬಾಡಿಗೆ, ಯಂತ್ರದ ಸಾಲದ ಕಂತು ಇದರಲ್ಲಿ ಸೇರುವುದಿಲ್ಲ, ಏಕೆಂದರೆ ಒಂದು ಕ್ಯಾನ್ ಹೆಚ್ಚು ಮಾರಿದರೂ ಕಡಿಮೆ ಮಾರಿದರೂ ಅವು ಬದಲಾಗುವುದಿಲ್ಲ.

ಅವನು ಬೆಲೆಯನ್ನು 41ಕ್ಕೆ ಏರಿಸಿದ ಎನ್ನಿ. ಉಳಿದಿಬ್ಬರು 40ರಲ್ಲೇ ನಿಲ್ಲುತ್ತಾರೆ. ತಾನಾಗಿ ಬರುವ ಗಿರಾಕಿಯನ್ನು ಅವರೇಕೆ ಬಿಟ್ಟಾರು? ಒಂದೇ ರೂಪಾಯಿಗೆ ಅವನ 20 ಕ್ಯಾನ್ ಕೈತಪ್ಪಿ 180ಕ್ಕೆ ಇಳಿಯುತ್ತದೆ. ಬದಲಿಗೆ 39ಕ್ಕೆ ಇಳಿಸಿದರೆ ಉಳಿದಿಬ್ಬರೂ ಅಂದೇ ಸಂಜೆ ಇಳಿಸುತ್ತಾರೆ. ಅವರ ಗಿರಾಕಿ ಇವನ ಕಡೆ ಬರುವುದಿಲ್ಲ. ನೀರು ಅಗ್ಗವಾಯಿತೆಂದು ಕೆಲವು ಮನೆಯವರು ಒಂದೆರಡು ಕ್ಯಾನ್ ಹೆಚ್ಚು ತರಿಸುತ್ತಾರೆ, ಅಷ್ಟೆ. ಮಾರಾಟ 208 ಆಗುತ್ತದೆ. ಮೇಲಕ್ಕೆ ಹೋದರೆ ರೂಪಾಯಿಗೆ 20 ಕ್ಯಾನ್ ನಷ್ಟ, ಕೆಳಕ್ಕೆ ಬಂದರೆ ರೂಪಾಯಿಗೆ 8 ಕ್ಯಾನ್ ಮಾತ್ರ ಲಾಭ. ಈ ಅಸಮತೆಯೇ ಕೊಂಕು.

ಈಗ ವಸೂಲಿ ನೋಡಿ. 40 ರೂಪಾಯಿಗೆ 200 ಕ್ಯಾನ್ ಎಂದರೆ 8,000 ರೂಪಾಯಿ. 41ಕ್ಕೆ 180 ಎಂದರೆ 7,380. ಬಿಟ್ಟುಹೋದ 20 ಕ್ಯಾನುಗಳ ಜೊತೆ 620 ರೂಪಾಯಿ ಹೋಯಿತು, ಅಂದರೆ ಕ್ಯಾನಿಗೆ 31. ಇಳಿಸಿದ ಪಕ್ಷದಲ್ಲಿ 39ಕ್ಕೆ 208 ಕ್ಯಾನ್, ಒಟ್ಟು 8,112. ಹೆಚ್ಚಿಗೆ ಮಾರಿದ 8 ಕ್ಯಾನುಗಳಿಂದ ಬಂದದ್ದು 112, ಅಂದರೆ ಕ್ಯಾನಿಗೆ 14. ಹೆಚ್ಚುವರಿ ಕ್ಯಾನು ತರುವ ಈ ಹಣಕ್ಕೆ ಸೀಮಾಂತ ಆದಾಯ ಎಂದು ಹೆಸರು. ಸಾಮಾನ್ಯ ಮಾರುಕಟ್ಟೆಯಲ್ಲಿ ಅದು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಇಲ್ಲಿ ಮಾತ್ರ 200ನೇ ಕ್ಯಾನಿನ ಹತ್ತಿರ 31ರಿಂದ 14ಕ್ಕೆ ದಿಢೀರನೆ ಕುಸಿಯುತ್ತದೆ. ನಡುವಿನ 17 ರೂಪಾಯಿ ಖಾಲಿ ಜಾಗ.

ಬೆಲೆ ಅಂಟಿಕೊಳ್ಳುವ ಗುಟ್ಟು ಈ ಖಾಲಿ ಜಾಗದಲ್ಲಿದೆ. ಬೆಲೆ ಏರಿಸಿ 20 ಕ್ಯಾನ್ ಬಿಟ್ಟುಕೊಟ್ಟರೆ ಕ್ಯಾನಿಗೆ 31 ರೂಪಾಯಿ ವಸೂಲಿ ಹೋಗುತ್ತದೆ, ಉಳಿಯುವುದು ಆ ಕ್ಯಾನುಗಳ ಖರ್ಚು. ಖರ್ಚು 31ಕ್ಕಿಂತ ಹೆಚ್ಚಿದ್ದರೆ ಮಾತ್ರ ಏರಿಕೆ ಗಿಟ್ಟುತ್ತದೆ. ಅದೇ ರೀತಿ, ಇನ್ನೊಂದು ಕ್ಯಾನಿನ ಖರ್ಚು 14ಕ್ಕಿಂತ ಕಡಿಮೆಯಿದ್ದರೆ ಮಾತ್ರ ಇಳಿಕೆ ಗಿಟ್ಟುತ್ತದೆ. ನಮ್ಮವನ ಖರ್ಚು 20. ಅವನಿಗೆ ಈಗ ದಿನಕ್ಕೆ ಉಳಿಯುವುದು 4,000 ರೂಪಾಯಿ. ಏರಿಸಿದರೆ 3,780, ಇಳಿಸಿದರೆ 3,952. ಹಾಗಾಗಿ ಅವನು ಸುಮ್ಮನಿರುತ್ತಾನೆ.

ಖರ್ಚು 26ಕ್ಕೆ ಏರಿತು ಎನ್ನಿ. ಲಾಭ 2,800ಕ್ಕೆ ಇಳಿಯುತ್ತದೆ, ಹೊಟ್ಟೆ ಉರಿಯುತ್ತದೆ. ಆದರೂ 41 ಮಾಡಿದರೆ ಉಳಿಯುವುದು 2,700, 39 ಮಾಡಿದರೆ 2,704. 40 ರೂಪಾಯಿಯೇ ಮೇಲು. ಪೆಟ್ಟು ಬಿದ್ದದ್ದು ಲಾಭಕ್ಕೆ, ಬೆಲೆಗೆ ಅಲ್ಲ. ಖರ್ಚು 34 ಮುಟ್ಟಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಆಗ 40ರಲ್ಲಿ 1,200, 41ರಲ್ಲಿ 1,260, 42ರಲ್ಲಿ 1,280, 43ರಲ್ಲಿ ಮತ್ತೆ 1,260. ಅವನು ಗಿರಾಕಿಗಳನ್ನು ಕಳೆದುಕೊಂಡರೂ ಸರಿ ಎಂದು 42ಕ್ಕೆ ಏರಿಸುತ್ತಾನೆ.

ಗಿರಾಕಿಯ ಜೇಬಿನ ದೃಷ್ಟಿಯಿಂದ ಇದರ ಇನ್ನೊಂದು ಮಗ್ಗುಲು ಹೆಚ್ಚು ಮುಖ್ಯ ಎಂದು ನನಗೆ ಅನಿಸುತ್ತದೆ. ಮಾರಾಟಗಾರ ಒಳ್ಳೆಯ ಯಂತ್ರ ತಂದು ಖರ್ಚನ್ನು 20ರಿಂದ 16ಕ್ಕೆ ಇಳಿಸಿಕೊಂಡ ಎನ್ನಿ. 40ರಲ್ಲಿ ನಿಂತರೆ ಅವನಿಗೆ 4,800 ಉಳಿಯುತ್ತದೆ, 39ಕ್ಕೆ ಇಳಿಸಿದರೆ 4,784. ಇಳಿಸುವುದಿಲ್ಲ. ಉಳಿತಾಯವೆಲ್ಲ ಅವನ ಗಲ್ಲಕ್ಕೇ ಹೋಗುತ್ತದೆ. ಪೈಪೋಟಿ ಇದ್ದರೆ ಬೆಲೆ ಇಳಿಯುತ್ತದೆ ಎಂದು ನಾವು ನಂಬಿದ್ದೇವೆ. ಇಲ್ಲಿ ಪೈಪೋಟಿ ಇದೆ, ಒಳಒಪ್ಪಂದ ಇಲ್ಲ, ಯಾರೂ ಯಾರಿಗೂ ಫೋನ್ ಮಾಡಿಲ್ಲ. ಆದರೂ ಅಗ್ಗವಾದದ್ದರ ಪ್ರಯೋಜನ ಗಿರಾಕಿಗೆ ತಲುಪಲಿಲ್ಲ. ಪಕ್ಕದವನು ಕೂಡಲೇ ಇಳಿಸುತ್ತಾನೆ ಎಂಬ ಅರಿವೇ ಮೊದಲು ಇಳಿಸುವ ಆಸೆಯನ್ನು ಕೊಂದಿತು.

ಈ ಲೆಕ್ಕವೆಲ್ಲ ಖರ್ಚು ಒಬ್ಬನದು ಮಾತ್ರ ಬದಲಾದಾಗ ನಿಲ್ಲುವಂಥದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿನ ದರ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಅಂಥ ಪೆಟ್ಟು ಬಿದ್ದಾಗ ನಮ್ಮ ಕ್ಯಾನಿನವನ ಯೋಚನೆ ಬೇರೆಯಾಗುತ್ತದೆ. ಪಕ್ಕದವನಿಗೂ ಇದೇ ಸಂಕಟ, ನಾನು ಏರಿಸಿದರೆ ಅವನೂ ಏರಿಸುತ್ತಾನೆ ಎಂದು ಅವನಿಗೆ ಗೊತ್ತು. ಆ ನಂಬಿಕೆ ಬಂದ ಕ್ಷಣ ಕೊಂಕು ಮಾಯ, ಖಾಲಿ ಜಾಗವೂ ಮಾಯ. ಮೂವರ ಬೆಲೆಯೂ ಒಟ್ಟಿಗೆ ಮೇಲೇರುತ್ತದೆ. ಹಾಗಾಗಿ ಕೊಂಕು ಇರುವುದು ಸರಕಿನಲ್ಲೂ ಅಲ್ಲ, ಖರ್ಚಿನಲ್ಲೂ ಅಲ್ಲ, ಪಕ್ಕದವನು ಏನು ಮಾಡಿಯಾನು ಎಂಬ ಊಹೆಯಲ್ಲಿ. ಊಹೆ ಬದಲಾದರೆ ರೇಖೆಯೂ ಬದಲಾಗುತ್ತದೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1947ರಲ್ಲಿ ಈ ಸಿದ್ಧಾಂತದ ಮೇಲೆ ದಾಳಿ ಮಾಡಿದ್ದು ಇದೇ ಜಾಗದಲ್ಲಿ. ಸಿಗರೇಟು, ಮೋಟಾರು ಕಾರು, ಉಕ್ಕು, ಪೆಟ್ರೋಲು ಮೊದಲಾದ ಉದ್ಯಮಗಳ ಬೆಲೆಯ ಚರಿತ್ರೆಯನ್ನು ಅವನು ಕೆದಕಿದ. ಸಿಗರೇಟಿನದು ಸೊಗಸಾದ ಉದಾಹರಣೆ. 1931ರ ಜೂನ್‌ನಲ್ಲಿ ಅಮೆರಿಕ ಮಹಾ ಕುಸಿತದ ನಡುವೆ ಇತ್ತು, ತಂಬಾಕಿನ ಎಲೆಯ ಬೆಲೆ ಬಿದ್ದಿತ್ತು. ಆಗ ರೆನಾಲ್ಡ್ಸ್ ಕಂಪನಿ ತನ್ನ ಕ್ಯಾಮೆಲ್ ಸಿಗರೇಟಿನ ಸಗಟು ದರವನ್ನು ಸಾವಿರಕ್ಕೆ 6.40 ಡಾಲರಿನಿಂದ 6.85ಕ್ಕೆ ಏರಿಸಿತು. ಸಿದ್ಧಾಂತದ ಪ್ರಕಾರ ಉಳಿದ ದೊಡ್ಡ ಕಂಪನಿಗಳು ಹಳೆಯ ದರದಲ್ಲೇ ನಿಂತು ಕ್ಯಾಮೆಲ್ ಗಿರಾಕಿಗಳನ್ನು ಬಾಚಿಕೊಳ್ಳಬೇಕಿತ್ತು. ಅವು ಹಾಗೆ ಮಾಡಲಿಲ್ಲ. ತಡಮಾಡದೆ ತಾವೂ ಅಷ್ಟೇ ಏರಿಸಿದವು. ಗಿರಾಕಿಗಳನ್ನು ಬಾಚಿಕೊಂಡದ್ದು ಈ ಕೂಟದ ಹೊರಗಿದ್ದ, ಪ್ಯಾಕಿಗೆ ಹತ್ತು ಸೆಂಟಿನ ಅಗ್ಗದ ಸಿಗರೇಟಿನವರು. 1931ರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆಯಿದ್ದ ಅವರ ಪಾಲು 1932ರ ಕೊನೆಯ ಹೊತ್ತಿಗೆ ಶೇಕಡಾ 20 ದಾಟಿತು. 1933ರ ಮೊದಲ ಎರಡು ತಿಂಗಳಲ್ಲಿ ದೊಡ್ಡವರು ತಮ್ಮ ದರವನ್ನು ಎರಡು ಬಾರಿ ಇಳಿಸಬೇಕಾಯಿತು.

ನಮ್ಮಲ್ಲೂ ಇದರ ತದ್ರೂಪ ನಡೆದಿದೆ. 2021ರ ನವೆಂಬರಿನಲ್ಲಿ ಏರ್‌ಟೆಲ್, ವೊಡಾಫೋನ್ ಐಡಿಯಾ, ಜಿಯೋ ಒಂದರ ಹಿಂದೆ ಒಂದು ಮೊಬೈಲ್ ದರ ಏರಿಸಿದ ಮೇಲೆ, ಎರಡೂವರೆ ವರ್ಷ ದೊಡ್ಡ ಏರಿಕೆ ಆಗಲಿಲ್ಲ. ನಡುವೆ 5ಜಿ ತರಂಗಾಂತರಕ್ಕೆ ಕಂಪನಿಗಳು ಒಂದೂವರೆ ಲಕ್ಷ ಕೋಟಿ ರೂಪಾಯಿಯ ಬಿಡ್ ಹಾಕಿದವು. ಅದು ಸೀಮಾಂತ ವೆಚ್ಚವಲ್ಲ, ಅಂಗಡಿ ಬಾಡಿಗೆಯ ಜಾತಿಯದು ಎಂಬುದನ್ನು ನೆನಪಿಡಬೇಕು. ದರ ಏರಬೇಕು ಎಂದು ಏರ್‌ಟೆಲ್‌ನ ಮುಖ್ಯಸ್ಥರು ಬಹಿರಂಗವಾಗಿ ಹೇಳುತ್ತಲೇ ಇದ್ದರು. ಆದರೆ 2024ರ ಜೂನ್ 27ರಂದು ಮೊದಲು ಹೆಜ್ಜೆ ಇಟ್ಟದ್ದು ಜಿಯೋ. ಮರುದಿನವೇ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಹಿಂಬಾಲಿಸಿದವು. ಬಿಎಸ್‌ಎನ್‌ಎಲ್ ಹಿಂಬಾಲಿಸಲಿಲ್ಲ. ಆ ಜುಲೈ ಒಂದೇ ತಿಂಗಳಲ್ಲಿ ಅದಕ್ಕೆ 29 ಲಕ್ಷ ಹೊಸ ಚಂದಾದಾರರು ಸಿಕ್ಕರು. ಏರ್‌ಟೆಲ್ ಸುಮಾರು 17 ಲಕ್ಷ, ವೊಡಾಫೋನ್ ಐಡಿಯಾ 14 ಲಕ್ಷ, ಜಿಯೋ ಏಳೂವರೆ ಲಕ್ಷ ಕಳೆದುಕೊಂಡವು. ಆದರೂ ಮೂವರೂ ಹಿಂದೆ ಸರಿಯಲಿಲ್ಲ. ಹಿಂಬಾಲಿಸದವನ ಜಾಲ ಚಿಕ್ಕದು, ಅದರ ಕಡೆ ಹೋಗಬಲ್ಲವರ ಸಂಖ್ಯೆಗೆ ಮಿತಿಯಿದೆ ಎಂಬುದು ಅದಕ್ಕೆ ಒಂದು ಕಾರಣ ಎಂದು ನನ್ನ ಎಣಿಕೆ. ಹಿಂಬಾಲಿಸದೆ ನಿಂತವನು ಜಿಯೋದಷ್ಟೇ ದೊಡ್ಡವನಾಗಿದ್ದರೆ ಏರ್‌ಟೆಲ್ ಒಂದು ರೂಪಾಯಿ ಏರಿಸಲೂ ಹೆದರುತ್ತಿತ್ತು.

ಕೊಂಕು ರೇಖೆಗೆ ಇನ್ನೊಂದು ದೊಡ್ಡ ಕೊರತೆಯಿದೆ. 40 ರೂಪಾಯಿ ಏಕೆ ಅಲುಗುವುದಿಲ್ಲ ಎಂದು ಅದು ಹೇಳುತ್ತದೆ, ಮೊದಲು 40 ಬಂದದ್ದು ಎಲ್ಲಿಂದ ಎಂದು ಹೇಳುವುದಿಲ್ಲ. ಅದೇ ಬಡಾವಣೆಯಲ್ಲಿ 35 ರೂಪಾಯಿ ರೂಢಿಯಾಗಿದ್ದರೆ ಕೊಂಕು 35ರಲ್ಲಿ ಕೂತಿರುತ್ತಿತ್ತು. ಜೊತೆಗೆ, ಎದುರಾಳಿಯೇ ಇಲ್ಲದ ಅಲ್ಯೂಮಿನಿಯಂ, ನಿಕ್ಕಲ್‌ಗಳ ಏಕಸ್ವಾಮ್ಯದಲ್ಲೂ ಬೆಲೆ ವರ್ಷಗಟ್ಟಲೆ ಅಲುಗದೆ ನಿಂತಿದ್ದನ್ನು ಸ್ಟಿಗ್ಲರ್ ತೋರಿಸಿದ. ಅಲ್ಲಿ ಹೆದರಲು ಪಕ್ಕದವನೇ ಇಲ್ಲ. ಹಾಗಾದರೆ ನಿಂತ ಬೆಲೆಗಳಿಗೆಲ್ಲ ಕೊಂಕೇ ಕಾರಣ ಎನ್ನುವುದು ತಪ್ಪು. ಒಪ್ಪಂದದ ಕಾಗದ, ಬೆಲೆಪಟ್ಟಿ ಬದಲಿಸುವ ತಾಪತ್ರಯ, ಗಿರಾಕಿ ಮುನಿಸಿಕೊಂಡಾನೆಂಬ ಅಳುಕು ಇವೂ ಬೆಲೆಯನ್ನು ಹಿಡಿದಿಡುತ್ತವೆ.

ಆದರೂ ಅಂದಿನ ಉದ್ಯಮಿಗಳ ಮಾತು ಹುಸಿಯಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಿನ್ಸ್‌ಟನ್‌ನ ಅಲನ್ ಬ್ಲೈಂಡರ್ ಮತ್ತು ಸಂಗಡಿಗರು ಅಮೆರಿಕದ 200 ಕಂಪನಿಗಳ ಮುಂದೆ, ಬೆಲೆ ಏಕೆ ಅಲುಗುವುದಿಲ್ಲ ಎಂಬುದಕ್ಕೆ ಹನ್ನೆರಡು ವಿವರಣೆಗಳನ್ನು ಇಟ್ಟು, ನಿಮಗೆ ಒಪ್ಪುವುದು ಯಾವುದು ಎಂದು ಕೇಳಿದರು. ಮೊದಲ ಸ್ಥಾನ ಸಿಕ್ಕಿದ್ದು ಮೊದಲು ಬೇರೆಯವರು ಬದಲಿಸಲಿ ಎಂದು ಎಲ್ಲರೂ ಕಾಯುತ್ತಾರೆ ಎಂಬ ವಿವರಣೆಗೆ.